ಮೊದಲು ಆಡಿದವರೇ ಗೆಲ್ಲುತ್ತಾರೆಯೇ?

ಮೂರು ವರ್ಷದ ಹಿಂದಿನ ಮಾತು. ಕೊರ್ಲಹಳ್ಳಿಯಲ್ಲಿ ಆ ದಿನ ಮಳೆ ಹಿಡಿದಿತ್ತು. ಮೈದಾನದಲ್ಲಿ ನೀರು ನಿಂತು, ಕಬಡ್ಡಿ, ಖೊಖೊ ಎಲ್ಲ ರದ್ದಾದವು. ಮಕ್ಕಳು ಸುಮ್ಮನೆ ಕೂಡಬಾರದೆಂದು ನಾನೇ ಅಳಗುಳಿ ಮಣೆಯ ಸ್ಪರ್ಧೆ ಇಟ್ಟೆ. ಮಣೆ ಮನೆಮನೆಯಿಂದ ಬಂದವು. ಕಾಯಿಗೆ ಹುಣಸಿ ಬೀಜ ಇದ್ದೇ ಇತ್ತು. ಕೊನೆಯ ಸುತ್ತಿಗೆ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಉಳಿದರು. ಯಾರು ಮೊದಲು ಆಡಬೇಕೆಂದು ನಾಣ್ಯ ಚಿಮ್ಮಿದೆ. ಒಂದೇ ಆಟ, ಹತ್ತು ನಿಮಿಷದಲ್ಲಿ ಮುಗಿಯಿತು. ಮೊದಲು ಆಡಿದವಳು ಗೆದ್ದಳು.

ಸೋತ ಹುಡುಗಿ ಎದ್ದು ನಿಂತು, ''ಸರ್ರ, ನಾಣ್ಯ ಕೆಳಗ ಬಿದ್ದಾಗನ ನಾನು ಸೋತಿದ್ದೆ ರೀ. ಮೊದಲ ಆಡಿದವರ ಗೆಲ್ಲೂದು'' ಅಂದಳು.

ನಾನು ಮೇಷ್ಟ್ರ ಗತ್ತಿನಲ್ಲಿ, ''ಕುಣಿಯಲಾರದಾಕಿ ನೆಲ ಡೊಂಕ ಅಂದ್ಲಂತ'' ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಸುಮ್ಮನೆ ಕುಳಿತಳು.

ಎರಡು ವಾರ ಕಳೆದ ಮೇಲೆ ಅವಳು ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಳು. ಊಟದ ಬಿಡುವಿನಲ್ಲಿ, ಸಂಜೆ ಓಣಿಯ ಕಟ್ಟೆಯ ಮೇಲೆ ನಡೆದ ಆಟಗಳನ್ನೆಲ್ಲ ಗೆರೆ ಎಳೆದು ಬರೆದಿದ್ದಳು. ಮೊದಲು ಆಡಿದವರ ಹೆಸರು, ಎರಡನೆಯವರ ಹೆಸರು, ಗೆದ್ದವರು ಯಾರು ಎಂದು ಮೂರು ಕಾಲಮ್ಮು. ಒಟ್ಟು 60 ಆಟ. ಕೆಳಗೆ ಕೂಡಿಸಿ ಬರೆದಿದ್ದಳು: ಮೊದಲಿನವರು ಗೆದ್ದದ್ದು 44, ಎರಡನೆಯವರು ಗೆದ್ದದ್ದು 16.

ನನ್ನ ಮುಖ ಸಣ್ಣದಾಯಿತು. ವಿಜ್ಞಾನ ಕಲಿಸುವವನು ನಾನು. ಗಾದೆ ಹೇಳಿದ್ದು ನಾನು, ಲೆಕ್ಕ ಬರೆದು ತಂದದ್ದು ಅವಳು.

ಮನೆಗೆ ಹೋಗಿ ಮೊದಲು ಮಣೆಯನ್ನೇ ಮುಂದಿಟ್ಟುಕೊಂಡು ಕುಳಿತೆ. ಎಣಿಸುವುದಕ್ಕಿಂತ ಮೊದಲು, ಈ ಆಟದಲ್ಲಿ ಮೊದಲಿನವರಿಗೆ ಲಾಭವಾಗುವಂಥದ್ದು ಏನಾದರೂ ಇದೆಯೇ ನೋಡಬೇಕಲ್ಲ. ನಮ್ಮ ಶಾಲೆಯಲ್ಲಿ ಆಡಿದ ಕ್ರಮ ಇದು: ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಪ್ರತಿ ಗುಳಿಗೆ 5 ಕಾಯಿ, ಒಟ್ಟು 70. ನಮ್ಮ ಸಾಲಿನ ಒಂದು ಗುಳಿಯ ಕಾಯಿ ಎತ್ತಿ ಬಲಕ್ಕೆ ಒಂದೊಂದಾಗಿ ಹಾಕುತ್ತ ಹೋಗಬೇಕು, ಸಾಲು ಮುಗಿದರೆ ಎದುರಿನ ಸಾಲಿಗೆ ತಿರುಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯ ಕಾಯಿ ಎತ್ತಿ ಮುಂದುವರಿಸಬೇಕು. ಆ ಮುಂದಿನ ಗುಳಿ ಬರಿದಾಗಿದ್ದರೆ, ಅದರ ಆಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು; ಅಲ್ಲಿಗೆ ಸರದಿ ಮುಗಿಯಿತು. ಗುಳಿಯಲ್ಲಿ ನಾಲ್ಕು ಕೂಡಿದರೆ ತೆಗೆದುಕೊಳ್ಳುವ ಪದ್ಧತಿಯೂ ಇದೆ, ಆದರೆ ಮುಂದೆ ಆಡಿ ತೋರಿಸುವ ಎರಡು ಸರದಿಯಲ್ಲಿ ಅದರ ಪ್ರಸಂಗ ಬರುವುದಿಲ್ಲ.

ಮನೆಯಲ್ಲಿ ಮಣೆ ಇದ್ದವರು ನನ್ನ ಜೊತೆ ಆಡಿ ನೋಡಬಹುದು. ಗುಳಿಗಳಿಗೆ ಸುತ್ತಲೂ 1ರಿಂದ 14ರವರೆಗೆ ಅಂಕಿ ಕೊಡಿ. 1ರಿಂದ 7 ಮೊದಲು ಆಡುವವರದು, ಉಳಿದದ್ದು ಎದುರಿನವರದು. 1ನೆಯ ಗುಳಿಯ ಐದು ಕಾಯಿ 2ರಿಂದ 6ಕ್ಕೆ ಬೀಳುತ್ತವೆ. ಮುಂದಿನ 7ನೆಯದರ ಐದು ಕಾಯಿ 8ರಿಂದ 12ಕ್ಕೆ. ಆಮೇಲೆ 13ನೆಯದರ ಐದು ಕಾಯಿ 14, 1, 2, 3, 4ಕ್ಕೆ. ಈಗ 5ನೆಯದರಲ್ಲಿ ಆರು ಇವೆ, ಅವು 6ರಿಂದ 11ಕ್ಕೆ. 12ನೆಯದರಲ್ಲೂ ಆರು, ಅವು 13, 14, 1, 2, 3, 4ಕ್ಕೆ. ಮುಂದಿನ ಗುಳಿ 5, ಅದು ಬರಿದು. ಅದರಾಚೆ 6ನೆಯದರಲ್ಲಿ 7 ಕಾಯಿ. ಎತ್ತಿಕೊಳ್ಳಿ.

ಮೊದಲ ಸರದಿಗೇ ಏಳು ಕಾಯಿ! ಅದೂ ಯಾವ ಗುಳಿಯಿಂದ ಶುರು ಮಾಡಿದರೂ ಏಳೇ ಸಿಗುತ್ತದೆ, ಏಕೆಂದರೆ ಆರಂಭದಲ್ಲಿ ಎಲ್ಲ ಗುಳಿಯೂ ಒಂದೇ ಸಮ, ಸುತ್ತು ಎಲ್ಲಿಂದ ಹಿಡಿದರೂ ಒಂದೇ. ಹುಡುಗಿ ಹೇಳಿದ್ದು ಖರೇ ಎಂದುಕೊಂಡೆ. ಆದರೆ ಎದುರಿನವರ ಸರದಿಯನ್ನೂ ಆಡಿ ನೋಡಿದಾಗ ಅಷ್ಟು ಸರಳವಲ್ಲ ಎನ್ನಿಸಿತು. ಈಗ 13ನೆಯ ಗುಳಿಯಲ್ಲಿ ಒಂದೇ ಕಾಯಿ ಇದೆ. ಎದುರಿನವರು ಅದನ್ನು ಎತ್ತಿ 14ಕ್ಕೆ ಹಾಕುತ್ತಾರೆ. ಮುಂದೆ 1ನೆಯದರ ಎರಡು ಕಾಯಿ 2, 3ಕ್ಕೆ. 4ನೆಯದರಲ್ಲಿ ಎಂಟು, ಅವು 5ರಿಂದ 12ಕ್ಕೆ. ಮುಂದಿನ 13 ಈಗಷ್ಟೇ ಬರಿದಾದದ್ದು. ಅದರಾಚೆ 14ನೆಯದರಲ್ಲಿ 8 ಕಾಯಿ. ಮೊದಲಿನವರಿಗೆ ಏಳು, ಎರಡನೆಯವರಿಗೆ ಎಂಟು. ಮೊದಲು ಆಡುವವರು ಯಾವ ಗುಳಿ ಎತ್ತಿದರೂ ಅಷ್ಟೇ ಫಲ. ಜಾಣತನದಿಂದ ಆರಿಸಿಕೊಂಡು ಹೆಚ್ಚು ಗಳಿಸುವ ಅವಕಾಶ ಮೊದಲು ಸಿಗುವುದು ಎರಡನೆಯವರಿಗೆ. ಮಣೆಯನ್ನು ನೋಡಿದ ಮಾತ್ರಕ್ಕೆ ಲಾಭ ಯಾರ ಕಡೆ ಎಂದು ಹೇಳಲಾಗದು. ಆಡಿದ ಆಟಗಳನ್ನೇ ಎಣಿಸಬೇಕು. ಅಂದರೆ ತಿರುಗಿ ಅವಳ ನೋಟ್‌ಬುಕ್ಕಿಗೇ ಬಂದೆ.

ಈ ಸಲ ಮೊತ್ತ ಬಿಟ್ಟು ಹೆಸರುಗಳನ್ನು ಓದಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಕಾಲಮ್ಮಿನಲ್ಲಿ ಪುಟ ತುಂಬ ಅದೇ ಮೂರು ನಾಲ್ಕು ಹೆಸರು. ಮರುದಿನ ಅವಳನ್ನು ಕೇಳಿದೆ: ''ಯಾರು ಮೊದಲ ಆಡಬೇಕಂತ ಹ್ಯಾಂಗ ಗೊತ್ತ ಮಾಡತೀರಿ?''

''ಗೆದ್ದವರು ಮುಂದಿನ ಆಟ ಮೊದಲ ಆಡೂದು ರೀ ಸರ್ರ. ಅದು ಪದ್ಧತಿ.''

ಇಲ್ಲೇ ಇತ್ತು ಗಂಟು. ಗೆದ್ದವರು ಮೊದಲು ಆಡುತ್ತಾರೆ ಎಂದರೆ ಚೆನ್ನಾಗಿ ಆಡುವವರೇ ಮೇಲಿಂದ ಮೇಲೆ ಮೊದಲ ಕಾಲಮ್ಮಿಗೆ ಬರುತ್ತಾರೆ. ಅವರು ಗೆದ್ದದ್ದು ಮೊದಲು ಆಡಿದ್ದಕ್ಕೋ, ಚೆನ್ನಾಗಿ ಆಡಿದ್ದಕ್ಕೋ? ನೋಟ್‌ಬುಕ್ಕಿನಲ್ಲಿ ಅವೆರಡೂ ಹಾಲು ನೀರಿನಂತೆ ಬೆರೆತುಹೋಗಿವೆ.

ಎಷ್ಟರ ಮಟ್ಟಿಗೆ ಇದು ಮೋಸ ಮಾಡಬಲ್ಲದು ಎಂಬುದನ್ನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದೆ. ಮೊದಲು ಆಡಿದ್ದರಿಂದ ಎಳ್ಳಷ್ಟೂ ಲಾಭವಿಲ್ಲದ ಒಂದು ಆಟವಿದೆ ಎಂದು ಇಟ್ಟುಕೊಳ್ಳಿ. ಅದನ್ನು ಅಕ್ಕ, ತಂಗಿ ಆಡುತ್ತಾರೆ. ಅಕ್ಕ ಗಟ್ಟಿ, ಯಾರೇ ಮೊದಲು ಆಡಲಿ, ಐದರಲ್ಲಿ ನಾಲ್ಕು ಆಟ ಅವಳದೇ. ಗೆದ್ದವರು ಮುಂದಿನದನ್ನು ಮೊದಲು ಆಡಬೇಕು. 100 ಆಟದಲ್ಲಿ ಸುಮಾರು 80 ಸಲ ಅಕ್ಕನೇ ಮೊದಲು ಆಡುತ್ತಾಳೆ, ಅದರಲ್ಲಿ 64 ಗೆಲ್ಲುತ್ತಾಳೆ. ತಂಗಿ ಮೊದಲು ಆಡುವುದು 20 ಸಲ, ಗೆಲ್ಲುವುದು 4. ಈಗ ಹೆಸರು ಅಳಿಸಿ ಕಾಲಮ್ಮು ಮಾತ್ರ ಕೂಡಿಸಿ. ಮೊದಲು ಆಡಿದವರು ಗೆದ್ದದ್ದು 64 ಮತ್ತು 4, ಒಟ್ಟು 68! ಇಲ್ಲದ ಲಾಭ ನೂರಕ್ಕೆ 68 ಆಗಿ ಕಾಣಿಸಿತು. ಎಣಿಕೆ ತಪ್ಪಿಲ್ಲ, ಬರೆದವರು ಸುಳ್ಳು ಬರೆದಿಲ್ಲ, ಆದರೂ ತೀರ್ಮಾನ ತಪ್ಪು.

ಹುಡುಗಿಯ ಮುಖ ಬಾಡಿತು. ಅವಳು ಸೋತಳೆಂದು ನನಗೂ ಅನ್ನಿಸಲಿಲ್ಲ. ಈ ಲೆಕ್ಕ ಅವಳ ಮಾತನ್ನು ಸುಳ್ಳು ಮಾಡಿರಲಿಲ್ಲ, ಆ 60 ಆಟಗಳಿಂದ ಏನೂ ಹೇಳಲಾಗದು ಎಂದಷ್ಟೇ ತೋರಿಸಿತ್ತು.

ಚದುರಂಗದವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಅಲ್ಲಿ ಬಿಳಿ ಕಾಯಿಯವರು ಮೊದಲು ನಡೆಸುತ್ತಾರೆ, ಆದ್ದರಿಂದ ಸರಣಿಯಲ್ಲಿ ಬಣ್ಣ ಅದಲು ಬದಲು ಮಾಡುತ್ತ ಹೋಗುತ್ತಾರೆ. 2013ರಲ್ಲಿ ಚೆನ್ನೈಯಲ್ಲಿ ನಮ್ಮ ವಿಶ್ವನಾಥನ್ ಆನಂದ್ ಅವರಿಗೂ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಅವರಿಗೂ ವಿಶ್ವ ಪಟ್ಟಕ್ಕೆ ನಡೆದ ಪಂದ್ಯ ಹಲವರಿಗೆ ನೆನಪಿರಬಹುದು. 10 ಆಟದಲ್ಲಿ 7 ಸಮ. ಉಳಿದ ಮೂರನ್ನೂ ಕಾರ್ಲ್‌ಸನ್ ಗೆದ್ದರು. ಐದನೆಯದನ್ನು ಬಿಳಿಯಲ್ಲಿ, ಆರನೆಯದನ್ನೂ ಒಂಬತ್ತನೆಯದನ್ನೂ ಕಪ್ಪಿನಲ್ಲಿ. ಬರೀ ಕಾಲಮ್ಮು ಕೂಡಿಸುವವನು ಬಿಳಿ 1, ಕಪ್ಪು 2 ಎಂದು ಬರೆದು, ಕಪ್ಪಿಗೇ ಲಾಭ ಎಂದಾನು! ಅಲ್ಲಿ ಕಂಡದ್ದು ಬಣ್ಣವಲ್ಲ, ಆ ದಿನಗಳಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಬಲವಾಗಿದ್ದದ್ದು.

ಹಾಗಾದರೆ ಬಲವನ್ನೂ ಸರದಿಯನ್ನೂ ಬೇರ್ಪಡಿಸುವುದು ಹೇಗೆ? ಉಪಾಯ ಬಹಳ ಸರಳ. ಇಬ್ಬರನ್ನು ಕೂಡಿಸಿ ಎರಡು ಆಟ ಆಡಿಸಬೇಕು, ಒಂದನ್ನು ಇವರು ಮೊದಲು ಆಡಬೇಕು, ಇನ್ನೊಂದನ್ನು ಅವರು. ಇದನ್ನು ಒಂದು ಜೋಡಿ ಎಂದು ಕರೆದೆವು. ಒಬ್ಬರೇ ಎರಡೂ ಆಟ ಗೆದ್ದರೆ ಅವರು ಗಟ್ಟಿ ಎಂದು ಗೊತ್ತಾಯಿತೇ ಹೊರತು ಸರದಿಯ ಬಗ್ಗೆ ಏನೂ ತಿಳಿಯಲಿಲ್ಲ, ಏಕೆಂದರೆ ಒಂದನ್ನು ಮೊದಲು ಆಡಿ ಗೆದ್ದರು, ಒಂದನ್ನು ಎರಡನೆಯವರಾಗಿ ಗೆದ್ದರು. ಆ ಜೋಡಿಯನ್ನು ಪಕ್ಕಕ್ಕಿಡಬೇಕು. ಒಬ್ಬೊಬ್ಬರು ಒಂದೊಂದು ಗೆದ್ದರೆ ಆಗ ಅದು ಮಾತಾಡುತ್ತದೆ. ಇಬ್ಬರೂ ತಾವು ಮೊದಲು ಆಡಿದ ಆಟವನ್ನೇ ಗೆದ್ದಿರಬೇಕು, ಇಲ್ಲವೆ ಇಬ್ಬರೂ ತಾವು ಎರಡನೆಯವರಾಗಿ ಆಡಿದ್ದನ್ನು ಗೆದ್ದಿರಬೇಕು. ಮೂರನೆಯ ದಾರಿ ಇಲ್ಲ.

ಸರದಿಯಿಂದ ಯಾವ ಲಾಭವೂ ಇಲ್ಲದಿದ್ದರೆ ಈ ಎರಡು ಬಗೆಯೂ ಸಮಸಮವಾಗಿ ಬರಬೇಕು. ಅಕ್ಕ ತಂಗಿಯರನ್ನೇ ನೋಡಿ. ಗಟ್ಟಿಯಾದ ಅಕ್ಕ ಎರಡರಲ್ಲಿ ಒಂದನ್ನು ಸೋಲುವುದು ಅಪರೂಪ. ಆದರೆ ಸೋತರೆ, ತಾನು ಮೊದಲು ಆಡಿದ್ದನ್ನು ಸೋಲುವುದಕ್ಕೂ ಎರಡನೆಯವಳಾಗಿ ಆಡಿದ್ದನ್ನು ಸೋಲುವುದಕ್ಕೂ ಸಮಾನ ಅವಕಾಶ. ಒಬ್ಬರು ಎಷ್ಟೇ ಬಲಿಷ್ಠರಾಗಿದ್ದರೂ ಹೀಗೆ ಒಂದೊಂದು ಗೆದ್ದ ಜೋಡಿಗಳು ನಾಣ್ಯ ಚಿಮ್ಮಿದಂತೆಯೇ ಆಚೆ ಈಚೆ ಬೀಳುತ್ತವೆ. ಬಿಎಸ್‌ಸಿಯಲ್ಲಿ ಸಂಭಾವ್ಯತೆಯ ಪಾಠ ಓದಿ ಪಾಸಾದವನು ನಾನು. ಅದು ಮಣೆಯ ಮೇಲೆ ಕೆಲಸಕ್ಕೆ ಬಂದೀತೆಂದು ಆಗ ಅನ್ನಿಸಿರಲಿಲ್ಲ.

ಮತ್ತೊಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಂಡೆವು. ಹಳೆಯ 60 ಆಟಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅವನ್ನು ನೋಡಿಯೇ ಅಲ್ಲವೇ ಅನುಮಾನ ಬಲವಾದದ್ದು? ಅನುಮಾನ ಹುಟ್ಟಿಸಿದ ಆಟಗಳನ್ನೇ ಸಾಕ್ಷಿಗೂ ಕರೆದರೆ ಅವು ಹೇಗೂ ಹೂಂ ಅನ್ನುತ್ತವೆ. ಎಷ್ಟು ಜೋಡಿ ಆಡಿಸಬೇಕೆಂಬುದನ್ನೂ ಮುಂಚೆಯೇ ಗೊತ್ತು ಮಾಡಿದೆವು: 30. ನಡುವೆ ನಮಗೆ ಬೇಕಾದ ಅಂಕಿ ಕಂಡಾಗ ನಿಲ್ಲಿಸುವುದು, ಕಾಣದಿದ್ದರೆ ಇನ್ನೆರಡು ಆಡಿಸುವುದು, ಈ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು.

ಆಟಗಳು ಒಂದು ತಿಂಗಳು ನಡೆದವು. ಜೋಡಿಯ ಮೊದಲ ಆಟವನ್ನು ಯಾರು ಶುರು ಮಾಡಬೇಕೆಂದು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದೆವು. ಆಟದಲ್ಲಿ ಹೆಚ್ಚು ಕಾಯಿ ಗಳಿಸಿದವರು ಗೆದ್ದಂತೆ. ಇಬ್ಬರಿಗೂ 35 ಬಂದು ಸಮವಾದದ್ದು ಒಂದೂ ಇರಲಿಲ್ಲ. ಆರಂಭದಲ್ಲಿ ಕೆಲವು ದಿನ ಮಕ್ಕಳು ಗೆಳೆತನ ನೋಡಿ ಜೋಡಿ ಕೂಡುತ್ತಿದ್ದರು, ತೀರ ಗಟ್ಟಿಯವರ ಎದುರು ತೀರ ಮೆತ್ತಗಿನವರು ಬಂದು ಎರಡೂ ಆಟ ಒಬ್ಬರಿಗೇ ಹೋಗುತ್ತಿದ್ದವು. ಆಟ ಆಡಿದಷ್ಟೂ ದಂಡ. ಆಮೇಲೆ ಸರಿಸಮಾನರನ್ನು ನೋಡಿ ಕೂಡಿಸತೊಡಗಿದೆವು.

30 ಜೋಡಿ ಮುಗಿದಾಗ ಲೆಕ್ಕ ಹೀಗಿತ್ತು. ಒಬ್ಬರೇ ಎರಡೂ ಗೆದ್ದದ್ದು 14. ಒಂದೊಂದು ಗೆದ್ದದ್ದು 16. ಆ ಹದಿನಾರರಲ್ಲಿ ಮೊದಲು ಆಡಿದವರೇ ಎರಡೂ ಸಲ ಗೆದ್ದ ಜೋಡಿ 12. ಎರಡನೆಯವರೇ ಗೆದ್ದದ್ದು 4.

12ಕ್ಕೆ 4! ಮಕ್ಕಳು ಚಪ್ಪಾಳೆ ಹೊಡೆದರು. ನಾನು ಅವರನ್ನು ತಡೆದು, ಬರೀ ನಾಣ್ಯಕ್ಕೂ ಹೀಗೆ ಬೀಳುವುದು ಸಾಧ್ಯವಲ್ಲವೇ ಎಂದು ಕೇಳಿದೆ. ಉತ್ತರವನ್ನು ಬಾಯಿಮಾತಿನಲ್ಲಿ ಹೇಳಬಾರದೆಂದು ಎರಡು ತರಗತಿಯ 50 ಮಕ್ಕಳಿಗೆ, ತಲಾ 16 ಸಲ ರೂಪಾಯಿ ನಾಣ್ಯ ಚಿಮ್ಮಿ ಸಿಂಹದ ಮುಖ ಎಷ್ಟು ಸಲ ಬಿತ್ತೆಂದು ಬರೆದು ತರಲು ಹೇಳಿದೆ. ಹೆಚ್ಚಿನವರಿಗೆ ಏಳು, ಎಂಟು, ಒಂಬತ್ತು ಬಿದ್ದಿತ್ತು. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಬಿದ್ದದ್ದು 50ರಲ್ಲಿ ಇಬ್ಬರಿಗೆ. ಕಾಗದದ ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ. 16 ಸಲ ಚಿಮ್ಮಿದರೆ ಒಟ್ಟು 65,536 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ 12 ಅಥವಾ ಹೆಚ್ಚು ಸಿಂಹ ಇರುವವು 2,517. ನೂರಕ್ಕೆ ಹತ್ತಿರ ಹತ್ತಿರ ನಾಲ್ಕು.

ಅಂದರೆ ಆಟದಲ್ಲಿ ಲಾಭವೇ ಇರದಿದ್ದರೂ ನಮ್ಮಂತೆ ಎಣಿಸುವ ನೂರು ಶಾಲೆಗಳಲ್ಲಿ ನಾಲ್ಕು ಶಾಲೆಗಳಿಗೆ 12ಕ್ಕೆ 4 ಅಥವಾ ಅದಕ್ಕಿಂತ ದೊಡ್ಡ ಅಂತರ ಸಿಗುತ್ತದೆ. ನಮ್ಮದು ಆ ನಾಲ್ಕರಲ್ಲಿ ಒಂದಲ್ಲ ಎಂದು ಆಣೆ ಮಾಡಿ ಹೇಳಲಾಗದು, ಆದರೆ ಹಾಗಿರುವುದು ಕಡಿಮೆ. ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದ: ''ಸರ್ರ, 4ಕ್ಕ 12 ಬಿದ್ದಿದ್ದರ ಎರಡನೇದವರಿಗೆ ಲಾಭ ಅಂತಿದ್ದಿವಲ್ಲ ರೀ? ಅದನ್ನೂ ಎಣಸಬೇಕಲ್ಲ?'' ಎಣಿಸಬೇಕು. ಎರಡು ಕಡೆಯೂ ತೆರೆದಿಟ್ಟು ಹುಡುಕುವವರಿಗೆ ಆ ನಾಲ್ಕು ಎಂಟಾಗುತ್ತದೆ. ನಮ್ಮ ವಿಷಯದಲ್ಲಿ ಹುಡುಗಿ ಆಟಕ್ಕಿಂತ ಮೊದಲೇ 'ಮೊದಲಿನವರಿಗೆ ಲಾಭ' ಎಂದು ಒಂದು ಕಡೆ ಹೇಳಿಬಿಟ್ಟಿದ್ದಳು, ಅದಕ್ಕೆ ನಾಲ್ಕನ್ನೇ ಇಟ್ಟುಕೊಂಡೆವು. ಮೊದಲು ಹೇಳದೆ ಆಮೇಲೆ ಹೇಳಿದವರಿಗೆ ಈ ರಿಯಾಯಿತಿ ಇಲ್ಲ.

ಈಗ ಒಟ್ಟು ಗೆಲುವು ನೋಡಿ. ಪಕ್ಕಕ್ಕಿಟ್ಟ 14 ಜೋಡಿಯಿಂದ ಮೊದಲಿನವರಿಗೆ 14 ಗೆಲುವು, ಮೊದಲಿನವರೇ ಗೆದ್ದ 12 ಜೋಡಿಯಿಂದ 24. ಒಟ್ಟು 60ರಲ್ಲಿ 38. ಹಳೆಯ ನೋಟ್‌ಬುಕ್ಕಿನಲ್ಲಿ 60ರಲ್ಲಿ 44 ಇತ್ತು. 'ಗೆದ್ದವರು ಮೊದಲು' ಎಂಬ ಪದ್ಧತಿಯನ್ನು ತೆಗೆದ ಮೇಲೆ ಲಾಭ ಇಷ್ಟಕ್ಕೆ ಇಳಿಯಿತು. ಆ ಇಳಿತದಲ್ಲೂ ಸ್ವಲ್ಪ ಅದೃಷ್ಟದ ಪಾಲು ಇದ್ದೀತು.

ಇಂಥ ಸಣ್ಣ ಎಣಿಕೆಗೆ ಎಷ್ಟು ಸಣ್ಣ ಲಾಭ ಕಾಣಿಸೀತು ಎಂಬುದಕ್ಕೂ ಮಿತಿ ಇದೆ. ಡಬ್ಲ್ಯು. ಎಫ್. ಸ್ಟ್ರೀಟರ್ ಎಂಬವರು 1946ರಲ್ಲಿ, 1851ರಿಂದ 1932ರವರೆಗೆ ನಡೆದ ಚದುರಂಗದ 5,598 ಆಟಗಳ ಫಲಿತಾಂಶ ಕೂಡಿಸಿದರು. ಸಮವಾದ ಆಟಕ್ಕೆ ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟಾಗ ಬಿಳಿಗೆ ಬಂದದ್ದು ನೂರಕ್ಕೆ 53.4. ಅರ್ಧಕ್ಕಿಂತ ಮೂರೂವರೆಯಷ್ಟೂ ಹೆಚ್ಚಿಲ್ಲ. ಅಷ್ಟು ತೆಳು ಲಾಭವನ್ನು 60 ಆಟದಲ್ಲಿ ಹುಡುಕಿದರೆ 32 ಗೆಲುವು ಸಿಗುತ್ತದೆ. ಬರೀ ನಾಣ್ಯವನ್ನು 60 ಸಲ ಚಿಮ್ಮಿದರೂ 22ರಿಂದ 38ರವರೆಗೆ ಏನು ಬೇಕಾದರೂ ಸಹಜವಾಗಿ ಬೀಳುತ್ತದೆ. ಗೆಲುವು ಸೋಲು ಮಾತ್ರ ಇರುವ ಆಟದಲ್ಲಿ ಅಂಥ ಲಾಭ ಅದೃಷ್ಟದಿಂದ ಬೇರೆಯಾಗಿ ಎದ್ದು ಕಾಣಬೇಕಾದರೆ ಒಂಬೈನೂರರ ಹತ್ತಿರ ಆಟ ಬೇಕು. ನಮ್ಮ ಮಣೆಯಲ್ಲಿ ಲಾಭ ದೊಡ್ಡದಿದ್ದರೆ ಮಾತ್ರ ನಮಗೆ ಕಂಡೀತು ಎಂದು ಮಕ್ಕಳಿಗೆ ಹೇಳಿಯೇ ಶುರು ಮಾಡಿದ್ದೆ.

ಮೂವತ್ತನೆಯ ಜೋಡಿ ಯಾರದೆಂದು ಹೇಳಲಿಲ್ಲ. ಸ್ಪರ್ಧೆಯ ಕೊನೆಯ ಸುತ್ತಿನ ಅದೇ ಇಬ್ಬರು ಹುಡುಗಿಯರದು. ಅದನ್ನು ಕಡೆಗೆಂದೇ ಇಟ್ಟಿದ್ದೆವು. ಮೊದಲ ಆಟವನ್ನು ಗೆಳತಿ ಶುರು ಮಾಡಿ ಗೆದ್ದಳು, ಎರಡನೆಯದನ್ನು ಇವಳು ಶುರು ಮಾಡಿ ಗೆದ್ದಳು. ಎರಡೂ ಆಟದ ಕಾಯಿ ಕೂಡಿಸಿ ನೋಡಿದಾಗ ಗೆಳತಿಗೆ 71, ಇವಳಿಗೆ 69. ಬಹುಮಾನ ಬದಲಾಗಲಿಲ್ಲ. ''ಗಾದಿ ಮಾತು ನಾ ಹೇಳಬಾರದಿತ್ತವ್ವ'' ಅಂದೆ. ''ಈಗ ಸೋತಿದ್ದು ಬ್ಯಾಸರಿಲ್ಲ ಬಿಡ್ರಿ ಸರ್ರ. ನಾನೂ ಮೊದಲ ಆಡೀನಲ್ಲ'' ಎಂದು ಕಾಯಿ ಆರಿಸಿ ಚೀಲಕ್ಕೆ ತುಂಬತೊಡಗಿದಳು.

ಅಂದಿನಿಂದ ನಮ್ಮ ಸ್ಪರ್ಧೆಯಲ್ಲಿ ಪ್ರತಿ ಸುತ್ತಿಗೂ ಎರಡು ಆಟ; ಒಬ್ಬೊಬ್ಬರು ಒಂದೊಂದು ಗೆದ್ದರೆ ಒಟ್ಟು ಕಾಯಿ ನೋಡುತ್ತೇವೆ. ಸಮಯ ಇಮ್ಮಡಿ ಹಿಡಿಯುತ್ತದೆ ಎಂದು ಸಹೋದ್ಯೋಗಿಗಳು ಗೊಣಗುವುದುಂಟು. ಆ ಹುಡುಗಿ ಈಗ ಶಾಲೆ ಮುಗಿಸಿ ಕಾಲೇಜಿಗೆ ಹೋಗುತ್ತಿದ್ದಾಳೆ. ನೋಟ್‌ಬುಕ್ ಪ್ರಯೋಗಶಾಲೆಯ ಕಪಾಟಿನಲ್ಲಿದೆ, ಪ್ರತಿ ವರ್ಷ ಹೊಸ ಕೈಬರಹ ಸೇರುತ್ತದೆ. ಮರುವರ್ಷದ ಮಕ್ಕಳ ಆಟದಲ್ಲಿ ಒಂದೊಂದು ಗೆದ್ದ ಜೋಡಿ 13 ಸಿಕ್ಕವು, ಮೊದಲಿನವರಿಗೆ 7, ಎರಡನೆಯವರಿಗೆ 6. ಹಳೆಯದಕ್ಕೆ ಕೂಡಿಸಿದರೆ 19ಕ್ಕೆ 10. 12ಕ್ಕೆ 4 ಇದ್ದಾಗಿನ ಧೈರ್ಯ ಈಗ ನನಗಿಲ್ಲ. ಈ ವರ್ಷದ ಜೋಡಿಗಳು ಮಳೆ ಹಿಡಿದ ಮೇಲೆ ಶುರುವಾಗುತ್ತವೆ.